ಇಂಗ್ಲಿಷ್ ಸಬ್‌ಟೈಟಲ್: ಸಾಲಿನ ಉದ್ದ ಸರಿ ಇದೆ, ಆದರೂ ಓದಿ ಮುಗಿಯುತ್ತಿಲ್ಲ

ಸವಿತಾ, ಘಾಟ್‌ಕೋಪರ್

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಮಾತುಗಳನ್ನು ಇಟ್ಟುಕೊಂಡು ಇಪ್ಪತ್ತು ನಿಮಿಷದ ಒಂದು ವಿಡಿಯೊ ಮಾಡಿದ್ದೇವೆ. ಅವರು ಹುಡುಗನಾಗಿದ್ದಾಗಲೇ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವರು. ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ವಿಡಿಯೊವನ್ನು ಮಾಟುಂಗದ ಒಂದು ಸಭಾಂಗಣದಲ್ಲಿ ತೋರಿಸುತ್ತೇವೆ. ನೋಡುವವರಲ್ಲಿ ಮೊಮ್ಮಕ್ಕಳು, ಅವರ ಗೆಳೆಯರು, ನಮ್ಮ ಬಿಲ್ಡಿಂಗಿನ ಮರಾಠಿ, ಗುಜರಾತಿ ಮನೆಯವರು ಎಲ್ಲ ಇರುತ್ತಾರೆ. ಹಾಗಾಗಿ ಇಂಗ್ಲಿಷ್ ಸಬ್‌ಟೈಟಲ್ ಬೇಕು.

ಅನುವಾದ ಆಗಿದೆ. ಪರಿಶೀಲನೆ ನನ್ನ ಪಾಲಿಗೆ ಬಂದಿದೆ. ಒಂದು ಸಾಲಿಗೆ 42 ಅಕ್ಷರ, ಒಟ್ಟು ಎರಡೇ ಸಾಲು ಅಂತ ಹೇಳಿದ್ದರು. ಶೀಟ್‌ನಲ್ಲಿ ಹಾಕಿ ಎಣಿಸಿದೆ, ಎಲ್ಲ ಸಾಲೂ 42ರ ಒಳಗೇ ಇದೆ. ಆದರೆ ಮನೆಯಲ್ಲಿ ಟಿವಿಗೆ ಹಾಕಿ ತೋರಿಸಿದರೆ ಯಾರಿಗೂ ಓದಿ ಮುಗಿಸಲು ಆಗುತ್ತಿಲ್ಲ. ಒಂದು ಜಾಗ ಇಲ್ಲಿ ಹಾಕುತ್ತೇನೆ.

```
37
00:04:12,300 --> 00:04:15,100
I used to wake up at four in the morning,
wash glasses in the hotel all day long and

38
00:04:15,100 --> 00:04:16,200
then run to the school at seven.

39
00:04:17,100 --> 00:04:19,400
But I never missed a day.
```

ಮಾವ ಹೇಳುವುದು ಹೀಗೆ: "ಬೆಳಿಗ್ಗೆ ನಾಲ್ಕಕ್ಕೆ ಏಳ್ಬೇಕು, ದಿನ ಇಡೀ ಹೋಟ್ಲಲ್ಲಿ ಲೋಟ ತೊಳೀಬೇಕು, ಏಳಕ್ಕೆ ಶಾಲೆಗೆ ಓಡ್ಬೇಕು. ಆದ್ರೂ ಒಂದೇ ಒಂದು ದಿನ... ತಪ್ಪಿಸ್ಲಿಲ್ಲ." ಸಾಲನ್ನು ಇನ್ನೂ ಚಿಕ್ಕದು ಮಾಡಬೇಕಾ? 42ರ ಬದಲು 35 ಅಂತ ಇಟ್ಟುಕೊಂಡರೆ ಸರಿಯಾಗುತ್ತದಾ?

ರಘು, ಪುಣೆ

ಸವಿತಾ ಅವರೇ, ಸಾಲಿನ ಉದ್ದವೇ ಬೇರೆ, ಓದುವ ವೇಗವೇ ಬೇರೆ. 42 ಅನ್ನುವುದು ಸಾಲು ಪರದೆಯಲ್ಲಿ ಎಷ್ಟು ಅಗಲ ಹರಡಬಹುದು ಅನ್ನುವ ಲೆಕ್ಕ ಅಷ್ಟೇ. ಆ ಸಾಲು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅದು ಹೇಳುವುದಿಲ್ಲ. ನೀವು 35ಕ್ಕೆ ಇಳಿಸಿದರೂ ಅದೇ ಮಾತು ಮೂರು ಸಾಲಾಗುತ್ತದೆ, ಓದಲು ಬೇಕಾದ ಹೊತ್ತು ಅಷ್ಟೇ ಇರುತ್ತದೆ.

37ನೇದನ್ನೇ ನೋಡಿ. ಮೊದಲ ಸಾಲು 41 ಅಕ್ಷರ, ಎರಡನೇದು 42. ಒಟ್ಟು 83. ಪರದೆಯ ಮೇಲೆ ಇರುವುದು 2.8 ಸೆಕೆಂಡು. ಸೆಕೆಂಡಿಗೆ ಹತ್ತಿರ ಹತ್ತಿರ 30 ಅಕ್ಷರ ಆಯಿತು. ನೆಟ್‌ಫ್ಲಿಕ್ಸ್‌ನವರು ಇಂಗ್ಲಿಷ್‌ಗೆ ದೊಡ್ಡವರ ಕಾರ್ಯಕ್ರಮದಲ್ಲಿ ಸೆಕೆಂಡಿಗೆ 20, ಮಕ್ಕಳದ್ದಕ್ಕೆ 17 ಅಂತ ಮಿತಿ ಇಟ್ಟಿದ್ದಾರೆ. ನಿಮ್ಮ ಸಭಾಂಗಣದಲ್ಲಿ ವಯಸ್ಸಾದವರೂ ಇರುತ್ತಾರೆ, ಇಂಗ್ಲಿಷ್ ನಿಧಾನಕ್ಕೆ ಓದುವವರೂ ಇರುತ್ತಾರೆ. ಮನೆಯಲ್ಲಿ ನೋಡುವಂತೆ ನಿಲ್ಲಿಸಿ ಹಿಂದಕ್ಕೆ ಹೋಗುವ ಅವಕಾಶವೂ ಅಲ್ಲಿಲ್ಲ. ನಾನಾದರೆ 17ನ್ನೇ ಹಿಡಿಯುತ್ತೇನೆ.

ಶೀಟ್‌ನಲ್ಲಿ ಎರಡು ಸಾಲುಗಳನ್ನು B, C ಕಾಲಂನಲ್ಲಿ ಇಟ್ಟು, ಎಷ್ಟು ಸೆಕೆಂಡು ಅನ್ನುವುದನ್ನು D ಕಾಲಂನಲ್ಲಿ ಹಾಕಿ. ಆಮೇಲೆ ಇದನ್ನು ಹಾಕಿ:

```
=(LEN(B2)+LEN(C2))/D2
```

17 ದಾಟಿದ್ದನ್ನೆಲ್ಲ ಬಣ್ಣ ಹಾಕಿ ಗುರುತು ಮಾಡಿ. ಶೀಟ್ ಬೇಡ ಅಂದರೆ `Subtitle Edit` ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸಾಲಿಗೆ 42, ಸೆಕೆಂಡಿಗೆ 17 ಅಂತ ನೀವೇ ಹಾಕಿದರೆ ಮೀರಿದ್ದನ್ನು ಅದೇ ಕೆಂಪಲ್ಲಿ ತೋರಿಸುತ್ತದೆ. ಮೊದಲೇ ಇರುವ ಮಿತಿಯನ್ನು ನಂಬಿ ಕೂರಬೇಡಿ, ನಿಮ್ಮ ನೋಡುಗರಿಗೆ ತಕ್ಕಂತೆ ಬದಲಿಸಿ.

ಪ್ರಭಾಕರ, ಡೊಂಬಿವಲಿ

ನಾನು ಬಹಳ ವರ್ಷ ಇಂಗ್ಲಿಷ್ ಮುದ್ರಣಾಲಯದಲ್ಲಿ ಪ್ರೂಫ್ ನೋಡಿದವನು. ಒಂದು ಮಾತು ಹೇಳುತ್ತೇನೆ. ಮೂಲದಲ್ಲಿ ಇರುವುದು ಪೂರ್ತಿ ಬರಬೇಕು. ಹಿರಿಯರು ಹೇಳಿದ ಮಾತನ್ನು ಕತ್ತರಿಸಲು ನಾವು ಯಾರು? ಎರಡು ಸಾಲಿನಲ್ಲಿ ಹಿಡಿಯದಿದ್ದರೆ ಮೂರು ಸಾಲು ಮಾಡಿ. ಇನ್ನೊಂದು, 37, 38ನೇ ತುಣುಕುಗಳಲ್ಲಿ ಒಂದೇ ವಾಕ್ಯ ಮುಂದುವರಿದಿದೆ, ಆದರೆ ಅದನ್ನು ತೋರಿಸುವ ಚುಕ್ಕಿಗಳೇ ಇಲ್ಲ. ಮುಂದಕ್ಕೆ ಹೋಗುವ ವಾಕ್ಯದ ಕೊನೆಯಲ್ಲಿ ಮೂರು ಚುಕ್ಕಿ, ಮುಂದಿನದರ ಶುರುವಿನಲ್ಲಿ ಮೂರು ಚುಕ್ಕಿ ಇರಲೇಬೇಕು.

ರಘು, ಪುಣೆ

ಪ್ರಭಾಕರ ಸರ್, ಪುಸ್ತಕದಲ್ಲಿ ನೀವು ಹೇಳುವುದು ಸರಿ. ಓದುವವನು ತನಗೆ ಬೇಕಾದಷ್ಟು ಹೊತ್ತು ಪುಟದ ಮೇಲೆ ಇರುತ್ತಾನೆ. ಇಲ್ಲಿ ಸಾಲು ತಾನಾಗಿಯೇ ಹೋಗಿಬಿಡುತ್ತದೆ. ಮೂರು ಸಾಲು ಮಾಡಿದರೆ ಹೊತ್ತು ಹೆಚ್ಚುವುದಿಲ್ಲ, ಮುಖ ಮಾತ್ರ ಮುಚ್ಚುತ್ತದೆ. ಈ ವಿಡಿಯೊದಲ್ಲಿ ಆ ಮುಖವೇ ಮುಖ್ಯ ಅಲ್ವಾ?

ಚುಕ್ಕಿಯ ವಿಷಯ. ಹಿಂದೆ ಅನೇಕರು ನೀವು ಹೇಳಿದ ಹಾಗೇ ಎರಡೂ ಕಡೆ ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಆದರೆ ನೆಟ್‌ಫ್ಲಿಕ್ಸ್ ಪದ್ಧತಿಯಲ್ಲಿ ವಾಕ್ಯ ಸುಮ್ನೆ ಮುಂದಿನ ತುಣುಕಿಗೆ ಹರಿದರೆ ಏನೂ ಹಾಕುವುದಿಲ್ಲ. ಕೊನೆಯಲ್ಲಿ ಪೂರ್ಣವಿರಾಮ ಇಲ್ಲ, ಮುಂದಿನದು ಚಿಕ್ಕಕ್ಷರದಿಂದ ಶುರು. ಅಷ್ಟಕ್ಕೇ ಕಣ್ಣು ಅರ್ಥ ಮಾಡಿಕೊಳ್ಳುತ್ತದೆ. ಚುಕ್ಕಿಗಳನ್ನು ಮಾತು ನಿಜವಾಗಿ ತಡೆದು ನಿಂತಾಗ ಮಾತ್ರ ಇಡುತ್ತಾರೆ. ನನಗೆ ಇದೇ ಸರಿ ಅನ್ನಿಸುವುದು. ಎಲ್ಲ ಕಡೆ ಚುಕ್ಕಿ ಇಟ್ಟರೆ, ಮಾವನವರು ನಿಜವಾಗಿ ತಡೆದು ನಿಂತ ಕಡೆ ಇಡಲು ಬೇರೆ ಚಿಹ್ನೆ ಉಳಿಯುವುದಿಲ್ಲ.

ಈಗ ಆ ತುಣುಕು. ಮಾತು ಶುರುವಾಗುವುದು 12,300ಕ್ಕೆ, ಮುಗಿಯುವುದು 16,200ಕ್ಕೆ. ನಿಮ್ಮ ಹತ್ತಿರ 3.9 ಸೆಕೆಂಡು ಇದೆ. ಅದನ್ನು ಎರಡು ತುಣುಕು ಮಾಡುವ ಬದಲು ಒಂದೇ ಮಾಡಿ.

```
I woke at four, washed glasses all day
and ran to school at seven.
```

38 ಮತ್ತು 27, ಒಟ್ಟು 65. ಸೆಕೆಂಡಿಗೆ 17ಕ್ಕಿಂತ ಸ್ವಲ್ಪ ಕಡಿಮೆ. ಸಾಲು ಎಲ್ಲಿ ಮುರಿದಿದೆ ಅಂತಲೂ ನೋಡಿ. ನಿಮ್ಮ ಪ್ರತಿಯಲ್ಲಿ `and` ಅನ್ನುವುದು ಸಾಲಿನ ಕೊನೆಯಲ್ಲಿ ನೇತಾಡುತ್ತಿತ್ತು. ಅದು ಮುಂದಿನ ಮಾತಿನ ಜೊತೆ ಹೋಗಬೇಕಾದ ಪದ. ಅಂಥದನ್ನು ಕೆಳಗಿನ ಸಾಲಿಗೆ ತಳ್ಳಿದರೆ ಪ್ರತಿ ಸಾಲೂ ಒಂದೊಂದು ಮಾತಾಗಿ ನಿಲ್ಲುತ್ತದೆ.

ಮೇಘಾ, ಠಾಣೆ

ನಾನು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ಅರ್ಥ ಆಗುತ್ತದೆ, ಓದಲು ನಿಧಾನ. ಸವಿತಾ ಆಂಟಿ ಹೇಳಿದ ಮೊಮ್ಮಕ್ಕಳ ಗುಂಪಿನವಳೇ ಅಂದುಕೊಳ್ಳಿ. ನೋಡುವವಳಾಗಿ ಎರಡು ಮಾತು ಹೇಳುತ್ತೇನೆ.

ಒಂದು, ರಘು ಅಂಕಲ್ ಬರೆದದ್ದರಲ್ಲಿ ಏಳಕ್ಕೆ ಶಾಲೆ ಅಂದರೆ ಬೆಳಿಗ್ಗೆ ಏಳು ಅನ್ನಿಸುತ್ತದೆ. ನಮ್ಮ ಕಾಲದ ಮಕ್ಕಳು ಏಳಕ್ಕೆ ಶಾಲೆಗೆ ಹೋಗುವವರೇ. ರಾತ್ರಿ ಶಾಲೆ ಅನ್ನುವುದು ಪಕ್ಕದ ಮನೆಯ ಗುಜರಾತಿ ಅಜ್ಜಿಗೆ ಗೊತ್ತಾಗಬೇಕಲ್ಲ?

ಎರಡನೇದು ನನಗೆ ಜಾಸ್ತಿ ಮುಖ್ಯ. 39ನೇದು. ಅಜ್ಜ "ಒಂದೇ ಒಂದು ದಿನ" ಅಂತ ಹೇಳಿ ನಿಲ್ಲಿಸುತ್ತಾರೆ. ಅವರಿನ್ನೂ "ತಪ್ಪಿಸ್ಲಿಲ್ಲ" ಅಂದಿಲ್ಲ, ಅಷ್ಟರಲ್ಲೇ ಕೆಳಗೆ ಎಲ್ಲ ಹೇಳಿ ಆಗಿದೆ. ಅವರು ಹೇಳುವಾಗ ನಾವೆಲ್ಲ ಆಗಲೇ ಓದಿ ಮುಗಿಸಿರುತ್ತೇವೆ. ಅರ್ಧ ಭಾಷೆ ಬರುವವರಿಗೆ ಇದು ತುಂಬಾ ಕಿರಿಕಿರಿ. ಕಿವಿಗೆ ಒಂದು ಬರುತ್ತಿದೆ, ಕಣ್ಣಿಗೆ ಇನ್ನೊಂದು.

ರಘು, ಪುಣೆ

ಮೇಘಾ, ಎರಡೂ ಸರಿಯಾದ ಮಾತು.

ರಾತ್ರಿ ಶಾಲೆ ಅಂತ ಸೇರಿಸಿದರೆ ಕೆಳಗಿನ ಸಾಲು ಹೀಗಾಗುತ್ತದೆ:

```
I woke at four, washed glasses all day
and ran to night school at seven.
```

ಈಗ 38 ಮತ್ತು 33, ಒಟ್ಟು 71. 3.9 ಸೆಕೆಂಡಿಗೆ 18.2 ಬರುತ್ತದೆ, 17 ದಾಟಿತು. ಹಾಗಂತ ಪದ ತೆಗೆಯಬೇಕಿಲ್ಲ. ಮಾತು ಮುಗಿದದ್ದು 16,200ಕ್ಕೆ, ಮುಂದಿನ ಮಾತು ಶುರುವಾಗುವುದು 17,100ಕ್ಕೆ. ನಡುವೆ 0.9 ಸೆಕೆಂಡು ಖಾಲಿ ಇದೆ. ಸಬ್‌ಟೈಟಲ್‌ನ ಕೊನೆಯನ್ನು 16,500ಕ್ಕೆ ಎಳೆಯಿರಿ. 4.2 ಸೆಕೆಂಡು ಸಿಕ್ಕಿತು, ವೇಗ 16.9ಕ್ಕೆ ಇಳಿಯಿತು. ಮಾತು ನಿಂತ ಮೇಲೆ ಸ್ವಲ್ಪ ಹೊತ್ತು ಸಾಲು ಉಳಿದರೆ ಯಾರಿಗೂ ತೊಂದರೆ ಇಲ್ಲ. ಆದರೆ ಆ ಹೊತ್ತಿನಲ್ಲಿ ಶಾಟ್ ಬದಲಾಗುತ್ತಿದ್ದರೆ ಅದರಾಚೆಗೆ ಎಳೆಯಬೇಡಿ. ಚಿತ್ರ ಬದಲಾದ ಮೇಲೂ ಹಳೆಯ ಸಾಲು ಉಳಿದರೆ ನೋಡಲು ಕಿರಿಕಿರಿ.

39ನೇದಕ್ಕೆ ಬರೋಣ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, "ಇಲ್ಲ" ಅನ್ನುವುದು ಅದರ ಬಾಲದಲ್ಲಿ ಕೂತಿರುತ್ತದೆ. ಇಂಗ್ಲಿಷ್‌ನಲ್ಲಿ ಅದು ಮೊದಲೇ ಬಂದುಬಿಡುತ್ತದೆ. ಮಾತು ಒಂದೇ ಉಸಿರಿನಲ್ಲಿ ಹೋದರೆ ಚಿಂತೆ ಇಲ್ಲ. ನಡುವೆ ತಡೆ ಇದ್ದರೆ ಆ ತಡೆಯ ಹತ್ತಿರವೇ ಇಂಗ್ಲಿಷ್ ವಾಕ್ಯವನ್ನೂ ಕತ್ತರಿಸಬೇಕು. ಸವಿತಾ ಅವರೇ, "ತಪ್ಪಿಸ್ಲಿಲ್ಲ" ಸರಿಯಾಗಿ ಎಷ್ಟು ಹೊತ್ತಿಗೆ ಬರುತ್ತದೆ?

ಸವಿತಾ, ಘಾಟ್‌ಕೋಪರ್

ಈಗ ತಾನೇ ನೋಡಿದೆ. "ಒಂದೇ ಒಂದು ದಿನ" 18,600ಕ್ಕೆ ಮುಗಿಯುತ್ತದೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾರೆ. "ತಪ್ಪಿಸ್ಲಿಲ್ಲ" 20,700ಕ್ಕೆ. ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸುಮ್ಮನಿರುತ್ತಾರೆ. ಶಾಟ್ ಬದಲಾಗುವುದಿಲ್ಲ.

ರಘು, ಪುಣೆ

ಹಾಗಾದರೆ ಹೀಗೆ:

```
39
00:04:17,100 --> 00:04:19,400
Even so, not a single day...

40
00:04:20,700 --> 00:04:22,100
did I miss.
```

ಇಲ್ಲಿ ಚುಕ್ಕಿಗಳಿಗೆ ನಿಜವಾದ ಕೆಲಸ ಇದೆ ನೋಡಿ.

ಪ್ರಭಾಕರ, ಡೊಂಬಿವಲಿ

ರಘು ಅವರೇ, ಚುಕ್ಕಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ 40ನೇದನ್ನು ಒಪ್ಪಲು ಆಗುವುದಿಲ್ಲ. ಪರದೆಯ ಮೇಲೆ `did I miss` ಅಂತ ಮಾತ್ರ ಬಂದರೆ ಅದು ಪ್ರಶ್ನೆ ಥರ ಕಾಣುತ್ತದೆ. ಹಿಂದಿನ ಸಾಲು ಮಾಯವಾಗಿ ಒಂದು ಸೆಕೆಂಡಿನ ಮೇಲಾಗಿದೆ. ಓದುವವನು ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾನೆ. ಪ್ರತಿ ತುಣುಕೂ ಒಂಟಿಯಾಗಿ ನಿಂತಾಗಲೂ ತಪ್ಪು ಅರ್ಥ ಕೊಡಬಾರದು. ನಾನಾದರೆ ಹೀಗೆ ಬರೆಯುತ್ತೇನೆ:

```
But missing school, even for a day...

never happened.
```

ಮೊದಲನೇದು ಚುಕ್ಕಿ ಸೇರಿ 37 ಅಕ್ಷರ.

ರಘು, ಪುಣೆ

ಇದು ನನ್ನದಕ್ಕಿಂತ ಚೆನ್ನಾಗಿದೆ ಸರ್. 2.3 ಸೆಕೆಂಡಿಗೆ 37 ಅಂದರೆ 16ರ ಆಸುಪಾಸು, ಒಳಗೇ ಇದೆ. ತಡೆಯೂ ಉಳಿಯಿತು, ಇಲ್ಲ ಅನ್ನುವುದು ಅವರ ಬಾಯಿಂದ ಬಂದಾಗಲೇ ಬರುತ್ತದೆ. ಸವಿತಾ ಅವರೇ, ಇದನ್ನೇ ಇಟ್ಟುಕೊಳ್ಳಿ.

ನಾಗೇಶ, ವಾಸ್ಕೊ

ಸಬ್‌ಟೈಟಲ್ ಬಗ್ಗೆ ಮಾತಾಡುತ್ತಿದ್ದೀರಿ, ನನ್ನದೂ ಒಂದು ಇದೆ. ನಾನು ನಮ್ಮ ಭಜನಾ ಮಂಡಳಿಯ ವಿಡಿಯೊಗೆ ಕನ್ನಡದಲ್ಲಿ ಸಾಲು ಹಾಕಿದ್ದೆ. ಟಿವಿಯಲ್ಲಿ ಹಾಕಿದರೆ ಅಕ್ಷರವೇ ಬರುವುದಿಲ್ಲ, ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತದೆ. ಸಾಲು ಉದ್ದ ಆಗಿದ್ದಕ್ಕೆ ಹೀಗಾಗುತ್ತದಾ? 42ಕ್ಕೆ ಇಳಿಸಿದರೆ ಸರಿಹೋಗುತ್ತದಾ?

ರಘು, ಪುಣೆ

ನಾಗೇಶ ಅಣ್ಣ, ಅದು ಉದ್ದದ ತೊಂದರೆ ಅಲ್ಲ. ನೀವು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಫೈಲ್ ಒಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳೇ, ಆ ಫಾಂಟ್ ಇದ್ದ ಕಡೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸಿ, ಉಳಿಸುವಾಗ `UTF-8` ಆರಿಸಿ. ಆಮೇಲೂ ಚೌಕ ಚೌಕ ಕಂಡರೆ ನಿಮ್ಮ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ ಅಂತ. ಆಗ ಸಾಲುಗಳನ್ನು ವಿಡಿಯೊದ ಮೇಲೆಯೇ ಅಚ್ಚು ಹಾಕಿಸಬೇಕಾಗುತ್ತದೆ.

ನಾಗೇಶ ಅಣ್ಣ ಕೇಳಿದ್ದರಿಂದ ಒಂದು ಮಾತು ನೆನಪಾಯಿತು. ಸವಿತಾ ಅವರೇ, ಇಂಗ್ಲಿಷ್‌ಗೂ ಇದೇ ಕಾಟ ಇದೆ. ಫೈಲನ್ನು ವರ್ಡ್‌ನಲ್ಲಿ ತೆರೆದು ತಿದ್ದುತ್ತಿದ್ದೀರಾ?

ಸವಿತಾ, ಘಾಟ್‌ಕೋಪರ್

ಹೌದು, ಸ್ಪೆಲಿಂಗ್ ನೋಡಲು ಅದೇ ಸುಲಭ ಅಂತ. ಒಂದೆರಡು ಕಡೆ ಹೀಗೆ ಕಾಣುತ್ತಿದೆ, ಯಾಕೆ ಅಂತ ಕೇಳಬೇಕು ಅಂತಿದ್ದೆ:

```
-Werenâ€™t you scared?
```

ರಘು, ಪುಣೆ

ಅದೇ. ವರ್ಡ್ ನೇರ ಅಪಾಸ್ಟ್ರಫಿಯನ್ನು ಬಾಗಿದ ಅಪಾಸ್ಟ್ರಫಿ ಮಾಡುತ್ತದೆ. ಬಾಗಿದ್ದು ತಪ್ಪಲ್ಲ, ಆದರೆ ಫೈಲ್ `UTF-8`ನಲ್ಲಿ ಇದ್ದು ಪ್ಲೇಯರ್ ಅದನ್ನು ಹಳೆಯ ವಿಂಡೋಸ್ ಪದ್ಧತಿಯಲ್ಲಿ ಓದಿದರೆ, ಆ ಒಂದು ಚಿಹ್ನೆ ಹೀಗೆ ಮೂರು ಚಿಹ್ನೆಯಾಗಿ ಒಡೆಯುತ್ತದೆ. ಸಭಾಂಗಣದ ಲ್ಯಾಪ್‌ಟಾಪ್ ಯಾವುದು ಅಂತ ನಮಗೆ ಗೊತ್ತಿಲ್ಲ. ಹಾಗಾಗಿ ಎಲ್ಲ ಕಡೆ ನೇರ ಅಪಾಸ್ಟ್ರಫಿ, ನೇರ ಉದ್ಧರಣ ಚಿಹ್ನೆ ಇಟ್ಟುಬಿಡಿ.

ಇನ್ನೊಂದು ಅಪಾಯ. ಎರಡು ಸಮಯಗಳ ನಡುವೆ ಇರುವ `-->` ಅನ್ನು ನೀವು ವರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದರೆ ಅದು ಅದನ್ನು ಬಾಣದ ಚಿತ್ರ ಮಾಡಿಬಿಡುತ್ತದೆ. ಆ ತುಣುಕು ಪರದೆಗೆ ಬರುವುದೇ ಇಲ್ಲ, ಯಾಕೆ ಅಂತಲೂ ತಿಳಿಯುವುದಿಲ್ಲ. ಸೆಕೆಂಡಿನ ಮುಂದೆ ಇರುವುದು ಅಲ್ಪವಿರಾಮ, ಚುಕ್ಕಿ ಅಲ್ಲ. ಅದನ್ನೂ ಬದಲಿಸಬೇಡಿ. ತಿದ್ದುವ ಕೆಲಸ ನೋಟ್‌ಪ್ಯಾಡ್‌ನಲ್ಲಿ ಅಥವಾ `Subtitle Edit`ನಲ್ಲೇ ಆಗಲಿ.

ಸವಿತಾ, ಘಾಟ್‌ಕೋಪರ್

ಸರಿ, ಹಾಗೇ ಮಾಡುತ್ತೇನೆ. ಆ ತುಣುಕಿನಲ್ಲೇ ಇನ್ನೊಂದು ಪ್ರಶ್ನೆ. ಇಬ್ಬರು ಮಾತಾಡುವಾಗ ಗೆರೆ ಆದ ಮೇಲೆ ಜಾಗ ಬಿಡಬೇಕಾ? ಕೆಲವು ಕಡೆ ಬಿಟ್ಟಿದ್ದಾರೆ, ಕೆಲವು ಕಡೆ ಇಲ್ಲ.

```
-Weren't you scared?
-Scared of what? All our people were here.
```

ರಘು, ಪುಣೆ

ಎರಡೂ ಪದ್ಧತಿ ಇದೆ. ನೆಟ್‌ಫ್ಲಿಕ್ಸ್ ಇಂಗ್ಲಿಷ್‌ನಲ್ಲಿ ಜಾಗ ಬಿಡುವುದಿಲ್ಲ. ಯಾವುದಾದರೂ ಒಂದನ್ನು ಹಿಡಿದು ಇಡೀ ಫೈಲಿಗೆ ಅದೇ ಇರಲಿ. ನಿಮ್ಮ ಈ ತುಣುಕಿನಲ್ಲಿ ಎರಡನೇ ಸಾಲು ಗೆರೆ ಸೇರಿ ಸರಿಯಾಗಿ 42 ಇದೆ. ಜಾಗ ಬಿಟ್ಟರೆ 43 ಆಗಿ ಮತ್ತೆ ವಾಕ್ಯ ತಿದ್ದಬೇಕಾಗುತ್ತದೆ. ಹಾಗಾಗಿ ಜಾಗ ಬೇಡ.

ಗೆರೆ ಹಾಕುವುದು ಒಂದೇ ತುಣುಕಿನಲ್ಲಿ ಇಬ್ಬರು ಮಾತಾಡಿದಾಗ ಮಾತ್ರ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬರೇ ಇದ್ದರೆ ಗೆರೆ ತೆಗೆಯಿರಿ.

ಪ್ರಭಾಕರ, ಡೊಂಬಿವಲಿ

ಈಗ ಸ್ಪೆಲಿಂಗ್. ಸವಿತಾ ಕಳಿಸಿದ ಪೂರ್ತಿ ಫೈಲ್ ಓದಿದೆ. ಒಂದೇ ಊರು ಒಂದು ಕಡೆ `Karkala`, ಇನ್ನೊಂದು ಕಡೆ `Karkal`. ಕರೆಯುವ ಹೆಸರು `Anna` ಒಮ್ಮೆ ದೊಡ್ಡಕ್ಷರ, ಒಮ್ಮೆ ಚಿಕ್ಕಕ್ಷರ. ಎದುರಿಗಿರುವವರನ್ನು ಕರೆದಾಗ ಅದು ಹೆಸರಿನ ಹಾಗೆ, ದೊಡ್ಡಕ್ಷರ ಇರಲಿ. "ನಮ್ಮ ಅಣ್ಣ" ಅಂತ ಹೇಳುವಾಗ `my brother` ಸಾಕು.

ಕಂಪ್ಯೂಟರಿನ ಸ್ಪೆಲ್ ಚೆಕ್ ಮೇಲೆ ಭಾರ ಹಾಕಬೇಡಿ ಮಗಳೇ. ಅದು ನಮ್ಮ ಊರು, ಹೆಸರು, ತಿಂಡಿ ಎಲ್ಲದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಅಷ್ಟು ಕೆಂಪಿನ ನಡುವೆ ನಿಜವಾದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೊದಲು ಹೆಸರುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದೇ ಸ್ಪೆಲಿಂಗ್ ನಿರ್ಧರಿಸಿ, ಅವನ್ನೆಲ್ಲ ಅದರ ನಿಘಂಟಿಗೆ ಸೇರಿಸಿ. ಆಮೇಲೆ ಉಳಿಯುವ ಕೆಂಪು ಮಾತ್ರ ನೋಡಿ. ಅದಾದ ಮೇಲೂ ಒಂದು ಸಲ ಕಣ್ಣಿಂದ ಓದಬೇಕು. ನಿಮ್ಮ 112ನೇದರಲ್ಲಿ `from` ಇರಬೇಕಾದ ಕಡೆ `form` ಇದೆ. ಎರಡೂ ಸರಿಯಾದ ಪದಗಳೇ, ಯಂತ್ರಕ್ಕೆ ಗೊತ್ತಾಗದೆ ಹೋಗಬಹುದು. ಹೀಗೆ ಓದುವಾಗ ಧ್ವನಿ ಬಂದ್ ಮಾಡಿ. ಕನ್ನಡ ಕಿವಿಗೆ ಬೀಳುತ್ತಿದ್ದರೆ ನಮ್ಮ ತಲೆ ತಾನಾಗಿಯೇ ಇಂಗ್ಲಿಷನ್ನು ಸರಿ ಮಾಡಿಕೊಂಡು ಓದುತ್ತದೆ.

ಊರಿನ ಹೆಸರೂ ಬೆರೆತಿದೆ. ಮಾವ "ಬೊಂಬಾಯಿ" ಅನ್ನುತ್ತಾರೆ, ನೀವು ಪ್ರಶ್ನೆಯಲ್ಲಿ "ಮುಂಬಯಿ" ಅನ್ನುತ್ತೀರಿ. ಫೈಲಿನಲ್ಲಿ `Bombay`, `Mumbai` ಎರಡೂ ಇದೆ. ಒಂದೇ ಮಾಡಬೇಕು.

ಮೇಘಾ, ಠಾಣೆ

ಪ್ರಭಾಕರ ಅಂಕಲ್, ಇದೊಂದು ಬೇಡ. ಅಧಿಕೃತವಾಗಿ ಹೆಸರು ಬದಲಾದದ್ದು 1995ರಲ್ಲಿ. ಅಜ್ಜ ಬಂದ ಕಾಲದಲ್ಲಿ ಇಂಗ್ಲಿಷ್‌ನಲ್ಲಿ ಬಾಂಬೆಯೇ. ಅವರ ಬಾಯಿಗೆ ಅದೇ ಇರಲಿ, ಸವಿತಾ ಆಂಟಿಯದ್ದು ಈಗಿನದು ಇರಲಿ. ಕೇಳುವವರಿಗೆ ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತಿದೆ. ಕೆಳಗೆ ಒಂದೇ ಮಾಡಿದರೆ ಅದೇ ತಪ್ಪು ಅನ್ನಿಸುತ್ತದೆ.

ಪ್ರಭಾಕರ, ಡೊಂಬಿವಲಿ

ಒಬ್ಬೊಬ್ಬರ ಬಾಯಿಗೆ ಒಂದೊಂದು ಅಂತ ಕೊನೆವರೆಗೂ ಪಾಲಿಸುವುದಾದರೆ ಆಗಲಿ. ಮಾವನ ಮಾತಿನಲ್ಲೇ ಮೂರು ಕಡೆ `Mumbai` ಇದೆ, ಅವನ್ನು ತಿದ್ದಿ.

ಸವಿತಾ, ಘಾಟ್‌ಕೋಪರ್

ತಿದ್ದುತ್ತೇನೆ. ಎರಡು ವಿಷಯ ಇನ್ನೂ ನನಗೆ ಬಗೆಹರಿದಿಲ್ಲ. ರಘು ಅವರು 37ರಲ್ಲಿ ಹೋಟೆಲ್ ಅನ್ನುವ ಪದ ತೆಗೆದರು. ಮಾವನಿಗೆ ಓದಿ ಹೇಳಿದೆ. "ಹೋಟ್ಲು ಇಲ್ಲದೆ ನಾನು ಎಲ್ಲಿ ಲೋಟ ತೊಳ್ದೆ?" ಅಂತ ಕೇಳಿದರು. ಎರಡನೇದು, ಅವರು ಮಾತಿನ ನಡುವೆ ತುಳುವಿಗೆ ಹೋಗುತ್ತಾರೆ. ಅಲ್ಲಿ ಅಕ್ಷರ ಓರೆ ಮಾಡಬೇಕಾ?

ರಘು, ಪುಣೆ

ಆ ಹೊತ್ತಿನಲ್ಲಿ ಪರದೆಯ ಮೇಲೆ ಹೋಟೆಲಿನ ಹಳೆಯ ಫೋಟೊ ಇದ್ದರೆ ಪದ ಬೇಡ, ಚಿತ್ರವೇ ಹೇಳುತ್ತದೆ. ಮುಖ ಮಾತ್ರ ಇದ್ದರೆ ಮಾವನವರ ಮಾತೇ ಸರಿ. ಆಗ ಈ ಒಂದು ತುಣುಕಿಗೆ ಮಿತಿಯನ್ನು 20ರವರೆಗೆ ಬಿಡಬಹುದು. 4.2 ಸೆಕೆಂಡಿಗೆ 84 ಅಕ್ಷರ ಸಿಗುತ್ತದೆ, 13 ಜಾಸ್ತಿ. ಆದರೆ ಮೇಲಿನ ಸಾಲು ಆಗಲೇ 38 ಇದೆ, ಅಲ್ಲಿ ಹಿಡಿಯುವುದಿಲ್ಲ. ಸಾಲು ಮುರಿಯುವ ಜಾಗವನ್ನೇ ಬದಲಿಸಬೇಕು.

ತುಳುವಿಗೆ ಓರೆ ಅಕ್ಷರ ನಾನು ಹಾಕುವುದಿಲ್ಲ. ಓರೆ ಅಕ್ಷರವನ್ನು ಫೋನಿನಿಂದ ಬರುವ ಧ್ವನಿಗೆ, ಹಾಡಿಗೆ, ಪರದೆಯಲ್ಲಿ ಕಾಣದವರ ಮಾತಿಗೆ ಬಳಸುತ್ತಾರೆ. ನೋಡುವವರು ಹಾಗೆ ತಿಳಿದುಕೊಂಡಾರು.

ಮೇಘಾ, ಠಾಣೆ

ನನಗೆ ಹಾಗನ್ನಿಸುವುದಿಲ್ಲ. ನಮ್ಮ ಮನೆಯಲ್ಲೂ ಎರಡೂ ಭಾಷೆ ಇದೆ. ಅಜ್ಜ ಯಾವಾಗ ತುಳುವಿಗೆ ಹೋದರು ಅನ್ನುವುದು ನಮಗೆ ಕೇಳಿಸುತ್ತದೆ, ಮರಾಠಿಯವರಿಗೆ ಕೇಳಿಸುವುದಿಲ್ಲ. ಅವರಿಗೂ ಹೇಗಾದರೂ ಗೊತ್ತಾಗಬೇಕಲ್ಲ?

ಪ್ರಭಾಕರ, ಡೊಂಬಿವಲಿ

ನಾನು ಮೇಘಾ ಕಡೆ. ಸವಿತಾ, ಹೋಟೆಲ್ ತುಣುಕಿಗೆ ಇದನ್ನು ನೋಡಿ. ಮೇಲೆ 36, ಕೆಳಗೆ 41. ವೇಗ 18.3, 17 ದಾಟುತ್ತದೆ, 20ರ ಒಳಗಿದೆ.

```
I woke at four, washed hotel glasses
all day and ran to night school at seven.
```

ಸವಿತಾ, ಘಾಟ್‌ಕೋಪರ್

ಆ ಜಾಗದಲ್ಲಿ ಮುಖ ಮಾತ್ರ ಇದೆ, ಫೋಟೊ ಇಲ್ಲ. ಹಾಗಾಗಿ ಪ್ರಭಾಕರ ಸರ್ ಬರೆದದ್ದನ್ನು ಹಾಕುತ್ತಿದ್ದೇನೆ. ತುಳುವಿನ ಜಾಗಗಳನ್ನು ಎರಡೂ ಥರ ಮಾಡಿ ಭಾನುವಾರ ಪಕ್ಕದ ಮನೆಯವರಿಗೆ ತೋರಿಸುತ್ತೇನೆ, ಅವರು ಏನು ಅಂದರು ಅಂತ ಇಲ್ಲೇ ಬರೆಯುತ್ತೇನೆ.